ಮದುವೆಯ ನಂತರದ ಹೆಸರು ಮತ್ತು ಜನ್ಮದಿನಾಂಕ ವ್ಯತ್ಯಾಸದ ಅಫಿಡವಿಟ್

ಬೇರೆ ಬೇರೆ ದಾಖಲೆಗಳಲ್ಲಿ ಬೇರೆ ಬೇರೆಯಾಗಿ ನಮೂದಾದ ಹೆಸರುಗಳೆಲ್ಲ ತನ್ನವೇ ಎಂದು ವ್ಯಕ್ತಿಯೊಬ್ಬರು ಛಾಪಾ ಕಾಗದದ ಮೇಲೆ ಬರೆಸಿ, ನೋಟರಿಯ ಮುಂದೆ ಪ್ರಮಾಣ ಮಾಡಿ ಸಹಿ ಹಾಕುವ ಪತ್ರ ಇದು. ಆಡುಮಾತಿನಲ್ಲಿ ಇದಕ್ಕೆ ‘ಒಬ್ಬರೇ ವ್ಯಕ್ತಿ ಅಫಿಡವಿಟ್’ ಎನ್ನುತ್ತಾರೆ. ಕರ್ನಾಟಕದಲ್ಲಿ ಅಫಿಡವಿಟ್‌ನ ಮುದ್ರಾಂಕ ಶುಲ್ಕ ಮೊದಲು 20 ರೂಪಾಯಿ ಇತ್ತು. 2024ರಲ್ಲಿ ಅದು 100 ರೂಪಾಯಿಗೆ ಏರಿತು.

ಕೊಡಗಿನಲ್ಲಿ ಇದರ ಅಗತ್ಯ ಹೆಚ್ಚು. ಕೊಡವರ ಹೆಸರಿನಲ್ಲಿ ಮೊದಲು ಒಕ್ಕದ ಹೆಸರು, ನಂತರ ತಂದೆಯ ಹೆಸರು, ಕೊನೆಗೆ ಸ್ವಂತ ಹೆಸರು ಬರುತ್ತದೆ. ಜನರಲ್ ಕೆ. ಎಂ. ಕಾರ್ಯಪ್ಪ ಎಂದರೆ ಕೊಡಂದೇರ ಮಾದಪ್ಪ ಕಾರ್ಯಪ್ಪ. ಮದುವೆಯಾದ ಹೆಣ್ಣುಮಗಳ ಹೆಸರಿನ ಹಿಂದೆ ಗಂಡನ ಒಕ್ಕವೂ ಗಂಡನ ಹೆಸರೂ ಬಂದರೆ ಎರಡು ಇನಿಷಿಯಲ್‌ಗಳೂ ಒಟ್ಟಿಗೆ ಬದಲಾಗುತ್ತವೆ. ವಿರಾಜಪೇಟೆಯಿಂದ ಘಟ್ಟ ಇಳಿದರೆ ಸಿಗುವ ಗಡಿಯೂರು ಮಾಕುಟ್ಟದಲ್ಲಿ ಇನ್ನೊಂದು ತೊಡಕೂ ಸೇರಿಕೊಳ್ಳುತ್ತದೆ. ಕೂಟುಪುಳೆ ಸೇತುವೆ ದಾಟಿದರೆ ಕಣ್ಣೂರು ಜಿಲ್ಲೆ. ಆ ಕಡೆ ಇನಿಷಿಯಲ್ ಸಾಮಾನ್ಯವಾಗಿ ಹೆಸರಿನ ಕೊನೆಗೆ ಬರುತ್ತದೆ, ಮೂಲ ಬರಹವೂ ಮಲಯಾಳದ್ದು. ಗಡಿಯಾಚೆಗಿನ ಸಂಬಂಧವಾದರೆ ಒಬ್ಬರದೇ ಹೆಸರು ಎರಡು ರಾಜ್ಯಗಳ ರೂಢಿಯಲ್ಲಿ ದಾಖಲಾಗಿರುತ್ತದೆ.

ಮಾದರಿಗೆ ಒಂದು ಪ್ರಸಂಗವನ್ನು ಕಲ್ಪಿಸಿಕೊಳ್ಳಬಹುದು. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ‘ಎಂ. ಸಿ. ಲೀಲಾವತಿ’, ಜನನ 12-6-1978. ತಂದೆ ಬರೆದುಕೊಟ್ಟ ದಾನಪತ್ರದಲ್ಲೂ ಅದರಿಂದ ಬಂದ ಪಹಣಿಯಲ್ಲೂ ಬರೀ ‘ಲೀಲಾ’. ಮದುವೆಯ ನಂತರ ಮಾಡಿಸಿದ ಆಧಾರ್‌ನಲ್ಲಿ ‘ಲೀಲಾವತಿ ಕೆ. ಪಿ.’, ಜನನ 1-1-1979. ಜನವರಿ ಒಂದು ಎಂದು ಕಂಡರೆ ಬಹುಮಟ್ಟಿಗೆ ಕಾರಣ ಇಷ್ಟೇ: ನೋಂದಣಿಯ ದಿನ ದಾಖಲೆ ತೋರಿಸದೆ ವಯಸ್ಸನ್ನಷ್ಟೇ ಹೇಳಿದ್ದಾರೆ. ಪಹಣಿಗೆ ಆಧಾರ್ ಜೋಡಿಸುವಾಗಲೋ ಸಾಲಕ್ಕೆ ಅರ್ಜಿ ಹಾಕುವಾಗಲೋ ಈ ಗಂಟು ಬಯಲಾಗುತ್ತದೆ.

ಇಲ್ಲಿ ಕ್ರಮ ಮುಖ್ಯ. ಮೊದಲು ಸರಿಯಾಗಬೇಕಾದದ್ದು ಜನ್ಮದಿನಾಂಕ, ಅದು ಅಫಿಡವಿಟ್‌ನಿಂದ ಆಗುವ ಕೆಲಸವಲ್ಲ. ಆಧಾರ್‌ನ ದಿನಾಂಕ ತಿದ್ದಲು ಜನನ ಪ್ರಮಾಣಪತ್ರ ಅಥವಾ ಅಂಕಪಟ್ಟಿಯಂಥ ದಾಖಲೆ ಬೇಕು. ಸಾಮಾನ್ಯವಾಗಿ ದಿನಾಂಕ ತಿದ್ದಲು ಒಂದೇ ಅವಕಾಶ, ಹೆಸರು ತಿದ್ದಲು ಎರಡು. ಹಾಗಾಗಿ ‘ಸದ್ಯಕ್ಕೆ ಹೀಗಿರಲಿ’ ಎಂದು ಅವಸರಪಟ್ಟರೆ ಮುಂದೆ ಕಷ್ಟ. ಜನನ ನೋಂದಣಿಯಲ್ಲೇ ತಪ್ಪಿದ್ದರೆ 1969ರ ಜನನ ಮರಣ ನೋಂದಣಿ ಕಾಯ್ದೆಯ 15ನೇ ಕಲಮಿನಂತೆ ನೋಂದಣಾಧಿಕಾರಿಯಿಂದ ತಿದ್ದುಪಡಿ ಪಡೆಯಬೇಕು. ವಿಷಯ ಬಲ್ಲ ಇಬ್ಬರು ವಿಶ್ವಾಸಾರ್ಹರ ಹೇಳಿಕೆ ಅಲ್ಲಿ ಬೇಕಾಗುತ್ತದೆ. ಆಸ್ತಿ ಪತ್ರಗಳಲ್ಲಿ ಇರುವುದು ಹೆಚ್ಚಾಗಿ ‘ಸುಮಾರು ಇಷ್ಟು ವರ್ಷ’ ಎಂಬ ವಯಸ್ಸು ಮಾತ್ರ. ಒಂದೆರಡು ವರ್ಷದ ವ್ಯತ್ಯಾಸಕ್ಕೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಪತ್ರವಾದ ದಿನ ಆಕೆ ಅಪ್ರಾಪ್ತಳಾಗಿದ್ದಳೇ ಎಂಬ ಪ್ರಶ್ನೆ ಎದ್ದರೆ ಮಾತ್ರ ಅದು ತೂಕದ ವಿಷಯ.

ಅಫಿಡವಿಟ್‌ಗೆ ಕೆಲಸ ಇರುವುದು ಹೆಸರಿನ ವಿಷಯದಲ್ಲಿ. ಅದರಲ್ಲಿ ಮೂರೂ ಹೆಸರುಗಳನ್ನು ಆಯಾ ದಾಖಲೆಯಲ್ಲಿ ಇರುವಂತೆಯೇ, ಚುಕ್ಕಿ ಮತ್ತು ಅಂತರ ಸಮೇತ ಬರೆಯಬೇಕು. ಪ್ರತಿಯೊಂದರ ಪಕ್ಕದಲ್ಲೂ ದಾಖಲೆಯ ಸಂಖ್ಯೆ, ದಿನಾಂಕ, ಪಹಣಿಯಾದರೆ ಗ್ರಾಮ ಮತ್ತು ಸರ್ವೆ ನಂಬರು ಇರಬೇಕು. ‘ನನ್ನ ಎಲ್ಲ ದಾಖಲೆಗಳಲ್ಲಿ’ ಎಂದು ಸಾರಾಸಗಟಾಗಿ ಬರೆಸಿದ ಪತ್ರ ಮೇಜಿನಿಂದ ವಾಪಸು ಬರುವುದೇ ಹೆಚ್ಚು. ನಂತರ ‘ಈ ಮೂರೂ ಹೆಸರುಗಳು ನನ್ನವೇ ಆಗಿದ್ದು, ಒಬ್ಬಳೇ ವ್ಯಕ್ತಿಗೆ ಸಂಬಂಧಿಸಿವೆ’ ಎಂಬ ವಾಕ್ಯ, ಹೆಸರು ಬದಲಾದ ಕಾರಣ, ಇನ್ನು ಮುಂದೆ ಬಳಸುವ ಹೆಸರು ಬರುತ್ತವೆ. ಜತೆಗೆ ವಿವಾಹ ನೋಂದಣಿ ಪತ್ರದ ನಕಲು ಇರಬೇಕು. ಹಳೆಯ ಮತ್ತು ಹೊಸ ಹೆಸರಿನ ನಡುವಿನ ನಿಜವಾದ ಕೊಂಡಿ ಅದೇ. ನೋಟರಿಯ ಮುಂದೆ ಬರೆಸಿಕೊಂಡ ‘ಮದುವೆ ಕರಾರು’ ಅದಕ್ಕೆ ಬದಲಿಯಾಗದು. ನೋಟರಿಯ ಮೊಹರಿನೊಂದಿಗೆ ಅವರ ಪುಸ್ತಕದ ಕ್ರಮಸಂಖ್ಯೆ, ದಿನಾಂಕ ಬಿದ್ದಿವೆಯೇ ಎಂದು ಅಲ್ಲೇ ನೋಡಿಕೊಳ್ಳಬೇಕು.

ಈ ಕಟ್ಟನ್ನು ತಾಲ್ಲೂಕು ಕಚೇರಿಗೆ ಕೊಟ್ಟರೆ ಗ್ರಾಮ ಆಡಳಿತಾಧಿಕಾರಿಯ ವರದಿ ತರಿಸಿಕೊಂಡು ತಹಸೀಲ್ದಾರರು ಪಹಣಿಯ ಹೆಸರು ತಿದ್ದಲು ಆದೇಶಿಸಬಹುದು. ಆದರೆ ನೋಂದಾಯಿತ ದಾನಪತ್ರದಲ್ಲಿರುವ ‘ಲೀಲಾ’ ಹಾಗೆಯೇ ಉಳಿಯುತ್ತಾಳೆ. ಅದನ್ನು ಸರಿಪಡಿಸಲು ಕೊಟ್ಟವರೂ ಪಡೆದವರೂ ಸೇರಿ ಉಪನೋಂದಣಾಧಿಕಾರಿ ಕಚೇರಿಯಲ್ಲಿ ತಿದ್ದುಪಡಿ ಪತ್ರ ನೋಂದಾಯಿಸಬೇಕು. ತಂದೆ ತೀರಿಕೊಂಡು ಉಳಿದ ವಾರಸುದಾರರು ಒಪ್ಪದಿದ್ದರೆ ಉಳಿಯುವ ದಾರಿ ಸಿವಿಲ್ ನ್ಯಾಯಾಲಯದ್ದು.

ಜಮ್ಮಾ ಹಿಡುವಳಿಯ ಸಂಗತಿ ಬೇರೆ. ಅಲ್ಲಿ ಪಟ್ಟೆದಾರರ ಹೆಸರಿನಲ್ಲಿ ಇಡೀ ಒಕ್ಕದ ಜಮೀನು ಇರುವುದುಂಟು. ಪಹಣಿಯಲ್ಲಿ ಹೆಸರೇ ಇಲ್ಲದವರು ಎಷ್ಟು ಅಫಿಡವಿಟ್ ಕೊಟ್ಟರೂ ಹೆಸರು ಸೇರುವುದಿಲ್ಲ; ಅದು ಹಕ್ಕಿನ ಪ್ರಶ್ನೆ, ಗುರುತಿನದಲ್ಲ.