ಗೃಹಸಾಲದ ಕಂತಿನ ಪಟ್ಟಿ ಓದೋದು ಹೇಗೆ? ಬಡ್ಡಿಯನ್ನು ಅಸಲು ಹಿಂದಿಕ್ಕೋದು 143ನೇ ಕಂತಿನಲ್ಲಿ

ಬಡವನಹಳ್ಳಿಯಲ್ಲಿ ಮನೆ ಕಟ್ಟಿಸಲು ಹೊರಟಿರುವ ನಮ್ಮ ಚಿಕ್ಕಪ್ಪ ಕಳೆದ ಸಲ ನಾನು ಊರಿಗೆ ಹೋದಾಗ ಬ್ಯಾಂಕಿನ ಕಾಗದಗಳ ಕಟ್ಟನ್ನೇ ಮುಂದೆ ತಂದಿಟ್ಟರು. ಕೊನೆಯ ಐದಾರು ಹಾಳೆಗಳ ತುಂಬ ಸಣ್ಣಕ್ಷರದ ಇಂಗ್ಲಿಷ್ ಪಟ್ಟಿ, 240 ಸಾಲುಗಳು. ಹನ್ನೆರಡನೇ ಸಾಲಿನ ಮೇಲೆ ಬೆರಳಿಟ್ಟು, "ನೋಡಪ್ಪ, ಒಂದು ವರ್ಷ ಪೂರ್ತಿ ಕಟ್ಟಿದ ಮೇಲೂ ಹತ್ತೊಂಬತ್ತು ಲಕ್ಷದ ಅರವತ್ತು ಸಾವಿರ ಬಾಕಿ ಅಂತ ತೋರಿಸ್ತೈತೆ. ಎರಡು ಲಕ್ಷದ ಮೇಲೆ ಕಟ್ಟಿರ್ತೀನಿ. ಇವ್ರೇನು ಲೆಕ್ಕ ತಪ್ಪು ಹೊಡೆದವ್ರಾ?" ಅಂದರು.

ಲೆಕ್ಕ ತಪ್ಪಿರಲಿಲ್ಲ. ಆದರೆ ಆ ಪ್ರಶ್ನೆ ಸರಿಯಾದ ಜಾಗದಲ್ಲೇ ಎದ್ದಿತ್ತು.

ಚಿಕ್ಕಪ್ಪನ ಸಾಲ 20 ಲಕ್ಷ, ಅವಧಿ 20 ವರ್ಷ, ಬಡ್ಡಿ ವರ್ಷಕ್ಕೆ ಶೇ. 8.5. ತಿಂಗಳ ಕಂತು, ಅಂದರೆ ಇಎಂಐ, 17,356 ರೂಪಾಯಿ. ಪಟ್ಟಿಯ ತಲೆಯಲ್ಲಿ Opening Balance, EMI, Interest, Principal, Closing Balance ಅಂತ ಐದು ಕಾಲಂ. ಆ ತಿಂಗಳ ಶುರುವಿನಲ್ಲಿ ಉಳಿದ ಸಾಲ, ಕಟ್ಟೋ ಕಂತು, ಅದರಲ್ಲಿ ಬಡ್ಡಿಗೆ ಹೋದದ್ದು, ಅಸಲಿಗೆ ಹೋದದ್ದು, ಕಂತಾದ ಮೇಲೆ ಉಳಿದ ಸಾಲ. ಒಂದು ಸಾಲಿನ ಕೊನೆಯ ಅಂಕಿಯೇ ಮುಂದಿನ ಸಾಲಿನ ಮೊದಲ ಅಂಕಿ. ಇದಿಷ್ಟು ಗೊತ್ತಾದರೆ ಪಟ್ಟಿಯಲ್ಲಿ ಇಂಗ್ಲಿಷ್ ಮುಗಿಯಿತು, ಉಳಿದದ್ದೆಲ್ಲ ಅಂಕಿ.

ನಮ್ಮೂರ ಕಡೆ ಕೈಸಾಲದ ಬಡ್ಡಿಯನ್ನು ತಿಂಗಳಿಗೆ ನೂರಕ್ಕೆ ಇಷ್ಟು ರೂಪಾಯಿ ಅಂತ ಹೇಳ್ತಾರೆ. ಅದೇ ಲೆಕ್ಕಕ್ಕೆ ಇಳಿಸಿದರೆ ಶೇ. 8.5 ಅಂದರೆ ತಿಂಗಳಿಗೆ ನೂರಕ್ಕೆ ಸುಮಾರು 71 ಪೈಸೆ. ಮೊದಲ ತಿಂಗಳು ಇಡೀ 20 ಲಕ್ಷದ ಮೇಲೂ ಈ ಬಡ್ಡಿ ಬೀಳುತ್ತೆ:

```
20,00,000 × 8.5 ÷ 100 ÷ 12 = 14,167
```

ಬ್ಯಾಂಕು ಕಂತಿನಿಂದ ಮೊದಲು ಬಡ್ಡಿ ಹಿಡ್ಕೊಳ್ಳುತ್ತೆ. 17,356ರಲ್ಲಿ 14,167 ಹೋದರೆ ಅಸಲಿಗೆ ಉಳಿಯೋದು 3,189 ರೂಪಾಯಿ. ಸಾಲ 19,96,811ಕ್ಕೆ ಇಳಿಯಿತು. ಎರಡನೇ ತಿಂಗಳು ಬಡ್ಡಿ ಈ ಚಿಕ್ಕ ಮೊತ್ತದ ಮೇಲೆ, ಹಾಗಾಗಿ 14,144. ಅಸಲಿಗೆ 3,212, ಅಂದರೆ ಹೋದ ತಿಂಗಳಿಗಿಂತ 23 ರೂಪಾಯಿ ಜಾಸ್ತಿ. ಇಡೀ ಪಟ್ಟಿಯ ಯಂತ್ರ ಇಷ್ಟೇ. ಕಂತು ಅಲುಗಾಡಲ್ಲ, ಅದರೊಳಗಿನ ಗೆರೆ ಮಾತ್ರ ತಿಂಗಳು ತಿಂಗಳು ಸರಿಯುತ್ತೆ.

ಆ ಗೆರೆ ಎಷ್ಟು ನಿಧಾನ ಸರಿಯುತ್ತೆ ಅನ್ನೋದೇ ಚಿಕ್ಕಪ್ಪನ ಗಾಬರಿಗೆ ಕಾರಣ. ಮೊದಲ ವರ್ಷ ಅವರು ಕಟ್ಟೋದು ಸುಮಾರು 2,08,000. ಅದರಲ್ಲಿ ಬಡ್ಡಿ 1,68,000ಕ್ಕೂ ಮೇಲೆ, ಸಾಲ ಕರಗಿದ್ದು 40 ಸಾವಿರಕ್ಕೂ ಕಮ್ಮಿ. ಐದು ವರ್ಷ ಮುಗಿದಾಗ ಬಾಕಿ 17.6 ಲಕ್ಷ. ಹತ್ತು ವರ್ಷ, ಅಂದರೆ ಅರ್ಧ ಅವಧಿ ಮುಗಿದಾಗ ಬಾಕಿ ಹತ್ತು ಲಕ್ಷ ಇರಬೇಕಲ್ವಾ ಅಂತ ಯಾರಿಗಾದರೂ ಅನ್ಸುತ್ತೆ. ಇರೋದು 14 ಲಕ್ಷ. ಒಂದು ಕಂತಿನಲ್ಲಿ ಅಸಲಿನ ಪಾಲು ಬಡ್ಡಿಯ ಪಾಲನ್ನು ಮೊದಲ ಸಲ ದಾಟೋದು 143ನೇ ಸಾಲಿನಲ್ಲಿ, ಹನ್ನೆರಡನೇ ವರ್ಷ ಮುಗಿಯೋಕೆ ಒಂದು ತಿಂಗಳು ಇರುವಾಗ. ಅಲ್ಲಿಂದಾಚೆ ಸಾಲ ಬೇಗ ಬೇಗ ಕರಗುತ್ತೆ. ಕೊನೇ ಕಂತಿನಲ್ಲಿ ಬಡ್ಡಿ ಬರೀ 122 ರೂಪಾಯಿ. 20 ವರ್ಷಕ್ಕೆ ಒಟ್ಟು ಬಡ್ಡಿ 21.65 ಲಕ್ಷ, ಸಾಲಕ್ಕಿಂತ ಜಾಸ್ತಿ. ನಿಮ್ಮ ಪಟ್ಟಿ ಕೈಗೆ ಬಂದಾಗ ಈ ದಾಟುವ ಸಾಲನ್ನು ಹುಡುಕಿ ಪೆನ್ಸಿಲಲ್ಲಿ ಗೆರೆ ಎಳೀರಿ. ಬಡ್ಡಿ ದರ ಅಥವಾ ಅವಧಿ ಕಮ್ಮಿ ಇದ್ದರೆ ಅದು ಮೇಲಕ್ಕೆ ಬಂದಿರುತ್ತೆ.

ಗೆರೆಗಿಂತ ಮೇಲಿನ ಸಾಲುಗಳಲ್ಲೇ ನಮ್ಮ ಕೈಲಿ ಏನಾದರೂ ಮಾಡೋಕೆ ಆಗೋದು. ಹುಣಸೆಹಣ್ಣು ಮಾರಿದ ದುಡ್ಡೋ ಚೀಟಿ ದುಡ್ಡೋ ಬಂದು, ಚಿಕ್ಕಪ್ಪ ಮೊದಲ ವರ್ಷದ ಕೊನೆಗೆ ಒಂದು ಲಕ್ಷ ಹೆಚ್ಚಿಗೆ ಕಟ್ಟಿದರು ಅಂತಿಟ್ಟುಕೊಳ್ಳಿ. ಕಂತು ಅಷ್ಟೇ ಇಟ್ಟರೆ ಸಾಲ 26 ತಿಂಗಳು ಮೊದಲೇ ತೀರುತ್ತೆ, ಸುಮಾರು ಮೂರೂವರೆ ಲಕ್ಷ ಬಡ್ಡಿ ಉಳಿಯುತ್ತೆ. ಅದೇ ಲಕ್ಷವನ್ನು ಹದಿನೈದನೇ ವರ್ಷದ ಕೊನೆಗೆ ಕಟ್ಟಿದರೆ ಉಳಿಯೋದು ಐವತ್ತು ಸಾವಿರದೊಳಗೆ. ಆ ಹಣವನ್ನು ಅಸಲಿಗೇ ಜಮಾ ಮಾಡಿ ಅಂತ ಬರೆದುಕೊಡಬೇಕು, ಇಲ್ಲದಿದ್ದರೆ ಮುಂದಿನ ಕಂತುಗಳ ಮುಂಗಡ ಅಂತ ಕೂತುಬಿಡಬಹುದು. ಬದಲಾಗುವ ಬಡ್ಡಿ ದರದ ಗೃಹಸಾಲಕ್ಕೆ ಅವಧಿಗೆ ಮುಂಚೆ ಕಟ್ಟಿದ್ದಕ್ಕೆ ದಂಡ ಹಾಕಬಾರದು ಅಂತ ರಿಸರ್ವ್ ಬ್ಯಾಂಕ್ 2012ರಲ್ಲೇ ಬ್ಯಾಂಕುಗಳಿಗೆ ಹೇಳಿದೆ.

ಇಷ್ಟೆಲ್ಲ ಹೇಳಿದ ಮೇಲೆ ಚಿಕ್ಕಪ್ಪ ಕೇಳಿದ್ದು, "ಹಂಗಾದ್ರೆ ಈ ಪಟ್ಟಿ ಇಪ್ಪತ್ತು ವರ್ಷ ಹಿಂಗೇ ಇರುತ್ತಾ?"

ಇರಲ್ಲ. ಇವತ್ತಿನ ದರ ಹೀಗೇ ಇದ್ದರೆ ಏನಾಗುತ್ತೆ ಅನ್ನೋ ಅಂದಾಜು ಇದು. 2022ರ ಮೇಯಿಂದ 2023ರ ಫೆಬ್ರವರಿಯೊಳಗೆ ರಿಸರ್ವ್ ಬ್ಯಾಂಕ್ ರೆಪೋ ದರವನ್ನು ಶೇ. 4ರಿಂದ 6.5ಕ್ಕೆ ಏರಿಸಿದಾಗ ಎಷ್ಟೋ ಮನೆಗಳಲ್ಲಿ ಕಂತು ಬದಲಾಗಲಿಲ್ಲ, ಹಾಗಾಗಿ ಏನೂ ಆಗಿಲ್ಲ ಅಂತಲೇ ಅಂದುಕೊಂಡರು. ಬದಲಾದದ್ದು ಸಾಲುಗಳ ಸಂಖ್ಯೆ. ನಮ್ಮ ಉದಾಹರಣೆಯಲ್ಲೇ ನೋಡಿ: ಒಂದು ವರ್ಷದ ನಂತರ ದರ 8.5ರಿಂದ 9.5ಕ್ಕೆ ಏರಿತು, ಕಂತು ಮಾತ್ರ ಹಾಗೇ ಇದೆ. ಆಗ ತಿಂಗಳ ಬಡ್ಡಿ 15,518. ಅಸಲಿಗೆ ಉಳಿಯೋದು 1,838. ಉಳಿದಿದ್ದ 228 ಕಂತು 285 ಆಗುತ್ತೆ. ಜೇಬಿಗೆ ಒಂದು ರೂಪಾಯಿ ವ್ಯತ್ಯಾಸ ಕಾಣದೆ ನಾಲ್ಕೂ ಮುಕ್ಕಾಲು ವರ್ಷ ಸೇರಿಕೊಂಡಿತು. ದರ ಇನ್ನೂ ಏರಿದರೆ ಕಂತು ಬಡ್ಡಿಗೇ ಸಾಲದೆ ಸಾಲ ಬೆಳೆಯೋಕೆ ಶುರುವಾಗುತ್ತೆ. ಹಾಗಾಗದಂತೆ ನೋಡಿಕೊಳ್ಳಬೇಕು, ದರ ಬದಲಾದಾಗ ಕಂತು ಏರಿಸಬೇಕೋ ಅವಧಿ ಹಿಗ್ಗಿಸಬೇಕೋ ಅನ್ನೋದನ್ನು ಸಾಲಗಾರರಿಗೇ ಬಿಡಬೇಕು ಅಂತ 2023ರ ಆಗಸ್ಟ್ 18ರ ಸುತ್ತೋಲೆ ಹೇಳುತ್ತೆ. ಮೂರು ತಿಂಗಳಿಗೊಮ್ಮೆ ಬ್ಯಾಂಕು ಲೆಕ್ಕದ ಪತ್ರ ಕೊಡಬೇಕು, ಅದರಲ್ಲಿ ಬಾಕಿ ಕಂತುಗಳ ಸಂಖ್ಯೆ ಇರಬೇಕು. ನಾನು ಮೊದಲು ನೋಡೋದು ಆ ಸಂಖ್ಯೆಯನ್ನೇ. ಮೂರು ತಿಂಗಳಲ್ಲಿ ಅದು ಮೂರು ಇಳಿಯದಿದ್ದರೆ ಕಾರಣ ಕೇಳಬೇಕು.

ಇನ್ನು ಭಾಷೆಯ ವಿಷಯ. ಚಿಕ್ಕಪ್ಪ ಪಿಯುಸಿ ಓದಿದವರು, ದಿನಾ ಪೇಪರ್ ಓದ್ತಾರೆ, ಇಪ್ಪತ್ತು ವರ್ಷದ ಕರಾರಿನ ಒಂದು ಪುಟವೂ ಕನ್ನಡದಲ್ಲಿರಲಿಲ್ಲ. ಇದನ್ನು ಬ್ಯಾಂಕಿನ ಪದ್ಧತಿ ಅಂತ ಒಪ್ಪಿಕೊಳ್ಳಬೇಕಿಲ್ಲ. 2024ರ ಅಕ್ಟೋಬರ್ 1ರಿಂದ ಮಂಜೂರಾಗುವ ಚಿಲ್ಲರೆ ಸಾಲಗಳಿಗೆ, ಗೃಹಸಾಲವೂ ಸೇರಿ, ಮುಖ್ಯ ಅಂಶಗಳ ಪತ್ರವೊಂದನ್ನು ಕೊಡಲೇಬೇಕು. ಬ್ಯಾಂಕಿನಲ್ಲಿ ಕೇಳುವಾಗ ಕೆಎಫ್ಎಸ್ ಅನ್ನಿ. ಅದು ಸಾಲಗಾರರಿಗೆ ಅರ್ಥವಾಗುವ ಭಾಷೆಯಲ್ಲಿರಬೇಕು, ವಿವರಿಸಿ ಹೇಳಿ ಅರ್ಥವಾಯಿತು ಅಂತ ಒಪ್ಪಿಗೆ ಪಡೆಯಬೇಕು ಅಂತ ರಿಸರ್ವ್ ಬ್ಯಾಂಕಿನ ಆದೇಶವೇ ಇದೆ. ಕಂತಿನ ಪಟ್ಟಿಯೂ ಆ ಪತ್ರದ ಭಾಗ. ಗೃಹಸಾಲಕ್ಕೆ ಈ ಪತ್ರ ಕನಿಷ್ಠ ಮೂರು ಕೆಲಸದ ದಿನ ಚಾಲ್ತಿಯಲ್ಲಿರಬೇಕು, ಅಂದರೆ ಕೌಂಟರ್ ಮುಂದೆ ನಿಂತಲ್ಲೇ ಸಹಿ ಹಾಕುವ ಅವಸರ ಇಲ್ಲ.

ಚಿಕ್ಕಪ್ಪ ಸಹಿ ಹಾಕಿರಲಿಲ್ಲ. ಮಾರನೇ ದಿನ ಇಬ್ಬರೂ ಹೋಗಿ, ಕೆಎಫ್ಎಸ್ ಕನ್ನಡದಲ್ಲಿ ಬೇಕು ಅಂತ ಬಿಳಿ ಹಾಳೆಯಲ್ಲಿ ಅರ್ಜಿ ಬರೆದುಕೊಟ್ಟು, ಅದರ ನಕಲಿಗೆ ಸೀಲು ಹಾಕಿಸಿಕೊಂಡು ಬಂದೆವು. 143ನೇ ಸಾಲಿಗೆ ಗೆರೆ ಎಳೆದಿರೋ ಇಂಗ್ಲಿಷ್ ಪಟ್ಟಿ ಅಲ್ಲಿವರೆಗೆ ಮನೆ ಬೀರುವಿನಲ್ಲಿದೆ.