ಕಾರು ಸಾಲದ ಮೊತ್ತ: ವೇರಿಯಬಲ್ ಪೇ ಇರುವ ಸಂಬಳದಾರರ ಲೆಕ್ಕ

ಐಟಿ, ಬ್ಯಾಂಕಿಂಗ್, ಮಾರಾಟ ವಿಭಾಗಗಳ ಅನೇಕ ಉದ್ಯೋಗಿಗಳ ವೇತನದಲ್ಲಿ ಎರಡು ಭಾಗಗಳಿರುತ್ತವೆ: ತಿಂಗಳು ತಿಂಗಳು ಬರುವ ಸ್ಥಿರ ಸಂಬಳ, ಮತ್ತು ಕಂಪನಿಯ ಹಾಗೂ ನೌಕರನ ಸಾಧನೆ ನೋಡಿ ವರ್ಷಕ್ಕೊಮ್ಮೆ ಕೊಡುವ ಬೋನಸ್. ಇಂಥವರು ಕಾರು ಸಾಲ ಎಷ್ಟು ತೆಗೆಯಬೇಕೆಂಬ ಪ್ರಶ್ನೆಗೆ ಉತ್ತರ ಸಿಟಿಸಿಯಲ್ಲಿ ಸಿಗುವುದಿಲ್ಲ. ಬೋನಸ್ ಬಾರದ ತಿಂಗಳಿನಲ್ಲಿ ಖಾತೆಗೆ ಜಮೆಯಾಗುವ ಮೊತ್ತದಲ್ಲಿ ಸಿಗುತ್ತದೆ. ಕಂತನ್ನು ಸ್ಥಿರ ಸಂಬಳವೊಂದೇ ಹೊರಬೇಕು. ಬೋನಸ್‌ನ ಜಾಗವಿರುವುದು ಡೌನ್ ಪೇಮೆಂಟ್‌ನಲ್ಲಿ, ಅದೂ ಕೈಗೆ ಬಂದ ಬೋನಸ್‌ಗೆ ಮಾತ್ರ.

ಬೆಂಗಳೂರಿನಲ್ಲಿ 30 ಲಕ್ಷ ರೂಪಾಯಿ ಸಿಟಿಸಿ ಇರುವ ಒಬ್ಬ ಉದ್ಯೋಗಿಯ ಲೆಕ್ಕ ಹಾಕಿ ನೋಡೋಣ. ಅದರಲ್ಲಿ 9 ಲಕ್ಷ ವೇರಿಯಬಲ್ ಪೇ. ಉಳಿದ 21 ಲಕ್ಷದಲ್ಲಿ ಮೂಲವೇತನ ಅರ್ಧದಷ್ಟಿದ್ದರೆ, ಕಂಪನಿ ಕಟ್ಟುವ ಪಿಎಫ್ ಮತ್ತು ಗ್ರಾಚ್ಯುಟಿ, ನೌಕರನ ಪಾಲಿನ ಪಿಎಫ್, 2025-26ರ ಹೊಸ ಪದ್ಧತಿಯ ಆದಾಯ ತೆರಿಗೆ ಇವೆಲ್ಲ ಕಳೆದು ತಿಂಗಳಿಗೆ ಕೈಗೆ ಬರುವುದು ಸುಮಾರು 1.35 ಲಕ್ಷ. ಬೋನಸ್ ಪೂರ್ತಿ ಬಂದರೂ ಅದು ಮೇಲಿನ ತೆರಿಗೆ ಹಂತಗಳಲ್ಲಿ ಕೂರುವುದರಿಂದ 9 ಲಕ್ಷದಲ್ಲಿ ಉಳಿಯುವುದು ಸುಮಾರು 6.55 ಲಕ್ಷ, ಅರ್ಧ ಮಾತ್ರ ಮಂಜೂರಾದರೆ ಸುಮಾರು 3.4 ಲಕ್ಷ. ಮನೆ ಬಾಡಿಗೆ, ದಿನಸಿ, ಊರಿನಲ್ಲಿರುವ ತಂದೆತಾಯಿಗೆ ಕಳಿಸುವ ಹಣ, ವಿಮೆ, ಉಳಿತಾಯ ಸೇರಿ ತಿಂಗಳಿಗೆ ಒಂದು ಲಕ್ಷ ಖರ್ಚೆಂದು ಇಟ್ಟುಕೊಂಡರೆ ಕಾರಿಗೆ ಸಿಗುವುದು 35 ಸಾವಿರ. ಪೆಟ್ರೋಲ್, ವಾಹನ ವಿಮೆ, ಸರ್ವಿಸ್, ಪಾರ್ಕಿಂಗ್‌ಗೆ 12 ಸಾವಿರ ತೆಗೆದಿಟ್ಟರೆ ಕಂತಿಗೆ ಉಳಿಯುವುದು 23 ಸಾವಿರ. ಶೇ. 9ರ ಬಡ್ಡಿಯಲ್ಲಿ ಐದು ವರ್ಷದ ಸಾಲಕ್ಕೆ ಲಕ್ಷಕ್ಕೆ ತಿಂಗಳಿಗೆ ಸುಮಾರು 2,076 ರೂಪಾಯಿ ಕಂತು. ಹಾಗಾಗಿ ಈ ಉದ್ಯೋಗಿ ತಾಳಿಕೊಳ್ಳಬಲ್ಲ ಸಾಲ 11 ಲಕ್ಷ.

ಇದೇ ವ್ಯಕ್ತಿ 30 ಲಕ್ಷವನ್ನು 12ರಿಂದ ಭಾಗಿಸಿ, ತನ್ನ ಆದಾಯ ತಿಂಗಳಿಗೆ ಎರಡೂವರೆ ಲಕ್ಷ, ಅದರ ಐದನೇ ಒಂದು ಭಾಗವಾದ 50 ಸಾವಿರ ಕಂತು ದೊಡ್ಡದೇನಲ್ಲ ಎಂದುಕೊಂಡರೆ ಸಾಲ 24 ಲಕ್ಷಕ್ಕೆ ಏರುತ್ತದೆ. ಆಗ ಪ್ರತಿ ತಿಂಗಳೂ 27 ಸಾವಿರ ಕಡಿಮೆ ಬೀಳುತ್ತದೆ, ವರ್ಷಕ್ಕೆ 3.24 ಲಕ್ಷ. ಅರ್ಧ ಬೋನಸ್ ಬಂದ ವರ್ಷ ಅದಷ್ಟೂ ಕಾರಿಗೇ ಸರಿಹೋಗುತ್ತದೆ. ಕೊರತೆ ಶುರುವಾಗುವುದು ಮೊದಲ ಕಂತಿನಿಂದ, ಬೋನಸ್ ಬರುವುದು ವರ್ಷ ಮುಗಿದು ಮೌಲ್ಯಮಾಪನವೂ ಆದ ಮೇಲೆ. ನಡುವಿನ ತಿಂಗಳುಗಳನ್ನು ಕ್ರೆಡಿಟ್ ಕಾರ್ಡ್ ತುಂಬಿಸತೊಡಗಿತೆಂದರೆ ಸಾಲ ಅಳತೆ ಮೀರಿದೆ ಎಂದೇ ತಿಳಿಯಬೇಕು. ಕಾರ್ಡಿನ ಬಿಲ್‌ನಲ್ಲಿ ಪೂರ್ತಿ ಮೊತ್ತದ ಬದಲು ಕನಿಷ್ಠ ಮೊತ್ತ ಕಟ್ಟಿದ ಮೊದಲ ತಿಂಗಳೇ ಅದರ ಗುರುತು.

ಐದು ವರ್ಷದಿಂದ ಬೋನಸ್ ತಪ್ಪಿಲ್ಲ, ಅದನ್ನು ಶೂನ್ಯವೆಂದು ಎಣಿಸುವುದು ಅತಿ ಎಚ್ಚರಿಕೆಯಲ್ಲವೇ ಎಂದು ಕೇಳಬಹುದು. ಪ್ರಶ್ನೆ ನ್ಯಾಯವಾದದ್ದೇ, ಸಾಲ ಕೊಡುವ ಕೆಲವು ಸಂಸ್ಥೆಗಳೂ ಹಿಂದಿನ ವರ್ಷಗಳ ಫಾರ್ಮ್ 16 ನೋಡಿ ಬೋನಸ್‌ನ ಒಂದು ಪಾಲನ್ನು ಆದಾಯಕ್ಕೆ ಸೇರಿಸಿಕೊಳ್ಳುತ್ತವೆ. ಆದರೆ ಬೋನಸ್ ಕುಸಿಯುವ ವರ್ಷವೂ ಕೆಲಸ ಅಲುಗಾಡುವ ವರ್ಷವೂ ಬಹುಮಟ್ಟಿಗೆ ಒಂದೇ. ಎರಡಕ್ಕೂ ಕಂಪನಿಯ ವ್ಯವಹಾರವೇ ಮೂಲ. ಜೊತೆಗೆ, ಹಣ ಪಾವತಿಯಾಗುವ ದಿನ ನೌಕರ ಕೆಲಸದಲ್ಲಿರಲೇಬೇಕು, ರಾಜೀನಾಮೆ ಕೊಟ್ಟಿರಬಾರದು ಎಂಬ ಷರತ್ತು ನೇಮಕಾತಿ ಪತ್ರಗಳಲ್ಲಿ ಸಾಮಾನ್ಯ. ಬೋನಸ್ ನೆಚ್ಚಿದ ಕಂತು ಒಳ್ಳೆಯ ಕೆಲಸಕ್ಕೆ ಹಾರುವ ದಾರಿಯನ್ನೂ ಕಟ್ಟಿಹಾಕುತ್ತದೆ. ಈಗಾಗಲೇ ಕೈಸೇರಿದ 6.55 ಲಕ್ಷದಲ್ಲಿ 5 ಲಕ್ಷವನ್ನು ಡೌನ್ ಪೇಮೆಂಟ್‌ಗೆ ಕೊಟ್ಟರೆ 11 ಲಕ್ಷ ಸಾಲದಲ್ಲೇ ಆನ್‌ರೋಡ್ 16 ಲಕ್ಷದ ಕಾರು ಬರುತ್ತದೆ. ಮಿಕ್ಕ ಒಂದೂವರೆ ಲಕ್ಷ ಕಾರಿನ ನಾಲ್ಕು ತಿಂಗಳ ಒಟ್ಟು ಖರ್ಚಿಗೆ ಮೀಸಲು.

ಏಳು ವರ್ಷಕ್ಕೆ ಸಾಲ ತೆಗೆದು, ಬೋನಸ್ ಬಂದಾಗಲೆಲ್ಲ ಅಸಲಿಗೆ ಕಟ್ಟಿದರಾಯಿತು ಎಂಬ ಮಾತಿನಲ್ಲಿ ಹೆಚ್ಚು ಹುರುಳಿದೆ. 11 ಲಕ್ಷಕ್ಕೆ ಕಂತು 22,800ರಿಂದ 17,700ಕ್ಕೆ ಇಳಿಯುತ್ತದೆ. ಬೋನಸ್ ಇಲ್ಲದ ವರ್ಷ ಆ ಐದು ಸಾವಿರ ದೊಡ್ಡ ಆಸರೆ. ಒಮ್ಮೆಯೂ ಹೆಚ್ಚುವರಿ ಕಟ್ಟದಿದ್ದರೆ ಒಟ್ಟು ಬಡ್ಡಿ ಮಾತ್ರ 2.7 ಲಕ್ಷದಿಂದ 3.87 ಲಕ್ಷಕ್ಕೆ ಏರುತ್ತದೆ. ಮೂರು ವರ್ಷಕ್ಕೆ ಕಾರು ಮಾರಬೇಕಾದರೆ ತೀರಿಸಬೇಕಾದ ಬಾಕಿ ಐದು ವರ್ಷದ ಸಾಲದಲ್ಲಿ 5 ಲಕ್ಷ, ಇಲ್ಲಿ 7 ಲಕ್ಷಕ್ಕೂ ಮಿಗಿಲು. ಆದ್ದರಿಂದ ಅವಧಿಯನ್ನು ಕಂತು ಹಗುರಾಗಲೆಂದು ಹಿಗ್ಗಿಸಬಹುದು, ಅದೇ 23 ಸಾವಿರ ಕಂತಿಗೆ 14 ಲಕ್ಷ ಸಾಲ ಸಿಗುತ್ತದೆಂಬ ಆಸೆಗಲ್ಲ. ಸಹಿ ಹಾಕುವ ಮುನ್ನ ಬಡ್ಡಿ ಯಾವ ಬಗೆಯದೆಂದು ಕೇಳಿ ತಿಳಿಯಬೇಕು. ಫ್ಲೋಟಿಂಗ್ ದರದ ಸಾಲವನ್ನು ಸ್ವಂತ ಬಳಕೆಗೆ ಪಡೆದ ವ್ಯಕ್ತಿ ಅವಧಿಗೆ ಮುಂಚೆ ತೀರಿಸಿದರೆ ಬ್ಯಾಂಕು ಶುಲ್ಕ ಹಾಕುವಂತಿಲ್ಲ ಎನ್ನುತ್ತದೆ ರಿಸರ್ವ್ ಬ್ಯಾಂಕಿನ ನಿಯಮ. ಸ್ಥಿರ ದರದ ಕಾರು ಸಾಲಕ್ಕೆ ಈ ರಕ್ಷಣೆಯಿಲ್ಲ. ಅಲ್ಲಿ ಭಾಗಶಃ ಮರುಪಾವತಿಗೆ ಎಷ್ಟು ಶುಲ್ಕ, ಎಷ್ಟು ಕಂತು ಕಟ್ಟಿದ ಮೇಲೆ ಅವಕಾಶ, ವರ್ಷಕ್ಕೆ ಎಷ್ಟು ಸಲ ಎಂಬುದನ್ನು ಮಂಜೂರಾತಿ ಪತ್ರದಲ್ಲೇ ಓದಿಕೊಳ್ಳಬೇಕು. ಷರತ್ತು ಬಿಗಿಯಾಗಿದ್ದರೆ ಏಳು ವರ್ಷದ ಯೋಚನೆ ಬಿಟ್ಟು, ಐದು ವರ್ಷಕ್ಕೆ ಇನ್ನೂ ಸಣ್ಣ ಸಾಲವನ್ನೇ ತೆಗೆಯುವುದು ಮೇಲು.