ಹೂವಿನಕೋಲಿನಿಂದ ಕ್ಯೂಆರ್ ಕೋಡಿಗೆ

ನವರಾತ್ರಿ ಬಂತೆಂದರೆ ನಮ್ಮ ಕುಂದಾಪುರದ ಕಡೆ ಮನೆಮನೆಗೆ ಹೂವಿನಕೋಲು ಬರುತ್ತಿತ್ತು. ಒಬ್ಬ ಭಾಗವತರು, ಒಬ್ಬ ಮದ್ದಳೆಗಾರರು, ಹೂ ಕಟ್ಟಿದ ಕೋಲು ಹಿಡಿದ ಹುಡುಗರು. ಚಾವಡಿಯಲ್ಲಿ ಕೂತು ಮನೆಯವರನ್ನು ಹರಸಿ, ಪ್ರಸಂಗದ ಒಂದು ತುಣುಕು ಆಡಿ ತೋರಿಸುತ್ತಿದ್ದರು. ಮನೆಯವರು ಅಕ್ಕಿ, ತೆಂಗಿನಕಾಯಿ, ಕಾಣಿಕೆ ಕೊಡುತ್ತಿದ್ದರು. ಇಷ್ಟೇ ಕೊಡಬೇಕೆಂಬ ದರ ಇರಲಿಲ್ಲ. ಆಟ ಮೊದಲು, ಕಾಣಿಕೆ ಆಮೇಲೆ. ಹಾಗಾಗಿ ಕೊಟ್ಟವರಿಗೆ ಇನ್ನೇನೂ ಬಾಕಿ ಇರುತ್ತಿರಲಿಲ್ಲ.

ಹರಕೆ ಆಟದ ಲೆಕ್ಕ ಬೇರೆ. ಬ್ರಹ್ಮಾವರ ತಾಲೂಕಿನ ಮಂದಾರ್ತಿಯ ಮೇಳಕ್ಕೆ ಸೇವೆ ಬರೆಸಿದವರು ಮುಂಚೆಯೇ ಹಣ ಕಟ್ಟುತ್ತಾರೆ, ಸರದಿಗೆ ಕಾಯುತ್ತಾರೆ. ತಮ್ಮ ಹೆಸರಿನಲ್ಲಿ ಒಂದು ಆಟ ಆಗುತ್ತದೆ, ಪ್ರಸಾದ ಸಿಗುತ್ತದೆ ಎಂಬುದು ಅವರಿಗೆ ಗೊತ್ತು. ನೋಡುವ ಊರಿಗೆಲ್ಲ ಅದು ಪುಕ್ಕಟೆ. ಡೇರೆ ಮೇಳ ಬಂದ ಮೇಲೆ ಮೂರನೆಯ ಲೆಕ್ಕ ಸೇರಿತು: ಟಿಕೆಟು. ಕಾಣಿಕೆ, ಸೇವೆ, ಟಿಕೆಟು ಮೂರೂ ಹಣವೇ, ಆದರೆ ಯಾರೂ ಒಂದನ್ನು ಇನ್ನೊಂದೆಂದು ತಿಳಿಯುತ್ತಿರಲಿಲ್ಲ.

2020ರ ಮಾರ್ಚಿನಲ್ಲಿ ಲಾಕ್‌ಡೌನ್ ಬಂದು ಮೇಳಗಳ ತಿರುಗಾಟ ನಡುವೆಯೇ ನಿಂತಿತು. ನಾವು ಕೆಲವರು ಸೇರಿ ತಾಳಮದ್ದಳೆಯನ್ನು ಯೂಟ್ಯೂಬಿನಲ್ಲಿ ನೇರವಾಗಿ ತೋರಿಸತೊಡಗಿದೆವು. ಪರದೆಯ ಮೂಲೆಯಲ್ಲಿ ಯುಪಿಐ ಕ್ಯೂಆರ್ ಹಾಕಿ, ಕೆಳಗೆ ‘ಕಲಾವಿದರಿಗೆ ನೆರವಾಗಿ’ ಎಂದಷ್ಟೇ ಬರೆದೆವು. ಮುಂಬಯಿಯಲ್ಲಿದ್ದ ಬೈಂದೂರಿನ ಹಿರಿಯರೊಬ್ಬರು 5,000 ರೂಪಾಯಿ ಕಳಿಸಿದರು. ತಿಂಗಳಾದ ಮೇಲೆ ಫೋನ್ ಬಂತು: “ಹ್ವಾಯ್, ದುಡ್ಡ್ ಕಳ್ಸಿ ತಿಂಗ್ಳಾಯ್ತ್, ನಮ್ಮ್ ಹೆಸ್ರಿನ್ ಪ್ರಸಂಗ ಯಾವತ್ತ್?” ನಾವು ಕಾಣಿಕೆ ಎಂದುಕೊಂಡಿದ್ದೆವು, ಅವರು ಸೇವೆ ಬರೆಸಿದ್ದರು. ಆ ಹಣ ಆಗಲೇ ಎಂಟು ಜನರಿಗೆ ಹಂಚಿಹೋಗಿತ್ತು. ಅವರು ಕೇಳಿದ ಪ್ರಸಂಗವನ್ನೇ ಮುಂದಿನ ವಾರ ಮಾಡಿದೆವು. ಕಲಾವಿದರಿಗೆ ಆ ದಿನದ ಸಂಭಾವನೆ ನಮ್ಮ ಕೈಯಿಂದ ಹೋಯಿತು.

ತಪ್ಪು ಅವರದಲ್ಲ. ಚಾವಡಿಯಲ್ಲಿ ಕೊಟ್ಟದ್ದು, ದೇವಸ್ಥಾನದಲ್ಲಿ ಬರೆಸಿದ್ದು, ಡೇರೆ ಬಾಗಿಲಲ್ಲಿ ತೆತ್ತದ್ದು ಎಂದು ಜಾಗವೇ ಅರ್ಥ ಹೇಳುತ್ತಿತ್ತು. ಒಂದೇ ಕ್ಯೂಆರ್ ಆ ಮೂರೂ ಬಾಗಿಲನ್ನು ಒಂದು ಮಾಡಿತ್ತು.

ಆಮೇಲೆ ಎರಡು ಸಾಲು ಬರೆದೆವು. ‘ಕಾಣಿಕೆ: ಎಷ್ಟಾದರೂ ಸರಿ. ಇಂದಿನ ಕಲಾವಿದರಿಗೆ ಸಮನಾಗಿ ಹಂಚುತ್ತೇವೆ, ಪ್ರತಿಯಾಗಿ ಏನೂ ಇಲ್ಲ.’ ‘ಸೇವೆ: ಮೊದಲು ಫೋನ್ ಮಾಡಿ. ದಿನ, ಪ್ರಸಂಗ ಗೊತ್ತಾದ ಮೇಲೆ ಹಣ ಕಳಿಸಿ, ಆಟ ಆಗದಿದ್ದರೆ ವಾಪಸು.’ ‘ದೇಣಿಗೆ’ ಎಂಬ ಮಾತನ್ನು ಬಿಟ್ಟೆವು. ಅದನ್ನು ಕಂಡವರು ತೆರಿಗೆ ವಿನಾಯಿತಿಯ ರಸೀದಿ ಕೇಳುತ್ತಿದ್ದರು, ಅದನ್ನು ಕೊಡಲು ಬೇಕಾದ 80ಜಿ ನೋಂದಣಿ ನಮಗಿರಲಿಲ್ಲ.

ಮುಂದೆ ಸೂಪರ್ ಚಾಟ್ ಶುರು ಮಾಡಿದಾಗ ಇನ್ನೊಂದು ಸಾಲು ಸೇರಿತು. ಅಲ್ಲಿ ಕೊಟ್ಟವರ ಮಾತು ಬಣ್ಣದ ಪಟ್ಟಿಯಲ್ಲಿ ಎಲ್ಲರಿಗೂ ಕಾಣುತ್ತದೆ. ಆದರೆ ನೂರು ರೂಪಾಯಿಯಲ್ಲಿ ಸುಮಾರು ಮೂವತ್ತು ಯೂಟ್ಯೂಬಿಗೆ ಹೋಗುತ್ತದೆ, ಉಳಿದದ್ದು ನಮ್ಮ ಕೈ ಸೇರುವುದು ಮುಂದಿನ ತಿಂಗಳು ಅಥವಾ ಇನ್ನೂ ತಡವಾಗಿ. ಯುಪಿಐಯಲ್ಲಿ ಹೆಸರು ಪರದೆಗೆ ಬರುವುದಿಲ್ಲ, ಹಣ ಮಾತ್ರ ಪೂರ್ತಿ ಬರುತ್ತದೆ. ಅದನ್ನೂ ಹಾಗೆಯೇ ಬರೆದು ಹಾಕಿದೆವು.

ಮುಂಬಯಿಯ ಆ ಹಿರಿಯರು ಈಗಲೂ ಹಣ ಕಳಿಸುತ್ತಾರೆ. ಜೊತೆಗೆ ಒಂದೇ ಪದ ಬರೆದಿರುತ್ತಾರೆ: ‘ಕಾಣಿಕೆ’.